ಬಚ್ಚಲ ನೀರು ಮತ್ತು ಬಿಲ್ಡರಿಗೆ ಬರೆಯುವ ಪತ್ರ

ಹೊಸ ಫ್ಲ್ಯಾಟಿನ ಕೀಲಿಕೈ ಸಿಕ್ಕ ಮೊದಲ ಮಳೆಗಾಲದಲ್ಲೇ ಬಿಲ್ಡರ್‌ಗೆ ಹೋಗುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ‘ಬಾತ್‌ರೂಮಿನಲ್ಲಿ ಲೀಕೇಜ್ ಇದೆ, ದಯವಿಟ್ಟು ಸರಿಪಡಿಸಿ.’ ಅದಕ್ಕೆ ಬರುವ ಉತ್ತರವೂ ಗೊತ್ತಿರುವುದೇ. ಒಬ್ಬ ಹುಡುಗ ಬರುತ್ತಾನೆ, ಟೈಲ್ಸ್ ಸಂದಿಗೆ ಬಿಳಿ ಸಿಮೆಂಟ್ ಸವರುತ್ತಾನೆ, ಕೆಳಮನೆಯ ಸೀಲಿಂಗಿಗೆ ಪುಟ್ಟಿ ಹಚ್ಚಿ ಬಣ್ಣ ಬಳಿದು ಹೋಗುತ್ತಾನೆ. ನಾಲ್ಕು ತಿಂಗಳಿಗೆ ಕಲೆ ಮತ್ತೆ ಮೂಡುತ್ತದೆ. ಹಾಗೆ ಆದಾಗ ತಪ್ಪಿನಲ್ಲಿ ಪತ್ರದ್ದೂ ಒಂದು ಪಾಲಿರುತ್ತದೆ. ನೀರು ಎಲ್ಲಿಂದ ಬರುತ್ತಿದೆ ಎಂದು ಹೇಳದ ದೂರಿಗೆ ಬಣ್ಣವೂ ಒಂದು ಉತ್ತರವಾಗಿಬಿಡುತ್ತದೆ.

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಮನೆ ಎಂದುಕೊಳ್ಳಿ. ಮಾಲೀಕರ ಪಟ್ಟಿಯಲ್ಲಿ ಮೂರು ದೂರುಗಳಿವೆ. ಬಚ್ಚಲಲ್ಲಿ ಸ್ನಾನವಾದ ಮೇಲೆ ನೀರು ಹರಿದುಹೋಗದೆ ನಿಲ್ಲುತ್ತದೆ. ಬಚ್ಚಲಿನ ಆಚೆಬದಿಯ ಮಲಗುವ ಕೋಣೆಯ ಗೋಡೆ ಬುಡದಲ್ಲಿ ಬಣ್ಣ ಉಬ್ಬಿ, ಬಿಳಿ ಉಪ್ಪಿನ ಪುಡಿ ಉದುರುತ್ತಿದೆ. ಕೆಳಮನೆಯವರ ಸೀಲಿಂಗಿನಲ್ಲಿ ತಟ್ಟೆಯಗಲ ತೇವದ ಕಲೆ. ಪ್ಲಂಬಿಂಗ್, ಸೀಪೇಜ್, ನೆಲದ ಇಳಿಜಾರು ಎಂದು ಮೂರಕ್ಕೂ ಬೇರೆ ಬೇರೆ ಸಾಲು ಬರೆದರೆ ಬೇರೆ ಬೇರೆ ಮೂವರು ಕೆಲಸಗಾರರು ಬಂದು ಹೋಗುತ್ತಾರೆ. ಆದರೆ ಮೂರಕ್ಕೂ ಮೂಲ ಒಂದೇ ಇರಬಹುದು.

ಇದು ಅರ್ಥವಾಗಬೇಕಾದರೆ ಟೈಲ್ಸ್ ಕೆಳಗೆ ಏನಿದೆ ಎಂದು ನೋಡಬೇಕು. ನಮ್ಮ ಅಪಾರ್ಟ್‌ಮೆಂಟ್‌ಗಳಲ್ಲಿ ಬಚ್ಚಲಿನ ಸ್ಲ್ಯಾಬನ್ನು ಹಲವೆಡೆ ಬೇರೆ ಕೋಣೆಗಳಿಗಿಂತ ತಗ್ಗಿಸಿ ಹಾಕುತ್ತಾರೆ. ಇದೇ ಸಂಕನ್ ಸ್ಲ್ಯಾಬ್. ಆ ತೊಟ್ಟಿಯಂಥ ತಗ್ಗಿಗೆ ವಾಟರ್‌ಪ್ರೂಫಿಂಗ್ ಬಳಿದು, ಪೈಪು ಹಾಯಿಸಿ, ಇಟ್ಟಿಗೆ ಚೂರೋ ಹಗುರ ಕಾಂಕ್ರೀಟೋ ತುಂಬಿ, ಮೇಲೆ ಟೈಲ್ಸ್ ಕೂರಿಸುತ್ತಾರೆ. ಟೈಲ್ಸ್ ಸಂದಿಗೆ ತುಂಬುವ ಸಾಮಾನ್ಯ ಸಿಮೆಂಟ್ ಗ್ರೌಟ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಇಳಿಜಾರು ಸರಿಯಿದ್ದರೆ ನೀರು ಬೇಗ ನಹಾನಿ ಟ್ರ್ಯಾಪ್ ಸೇರುತ್ತದೆ, ಒಳಗಿಳಿಯುವುದು ಅತ್ಯಲ್ಪ. ಇಳಿಜಾರು ತಪ್ಪಿದರೆ ಗಂಟೆಗಟ್ಟಲೆ ನಿಂತ ನೀರು ಸಂದಿಗಳಲ್ಲಿ ಇಳಿದು ಆ ತುಂಬಿನಲ್ಲಿ ಸೇರುತ್ತಾ ಹೋಗುತ್ತದೆ. ತಳದ ವಾಟರ್‌ಪ್ರೂಫಿಂಗಿನಲ್ಲಿ ಬಿರುಕಿದ್ದರೆ ಕೆಳಮನೆಗೆ, ಅಂಚನ್ನು ಗೋಡೆಯ ಮೇಲಕ್ಕೆ ಸಾಕಷ್ಟು ಏರಿಸದಿದ್ದರೆ ಪಕ್ಕದ ಕೋಣೆಯ ಗೋಡೆಗೆ.

ಹಾಗಾಗಿ ಮೊದಲು ಇಳಿಜಾರನ್ನು ಅಳೆಯಬೇಕು. ಬಚ್ಚಲಿಗೆ ಸಾಮಾನ್ಯವಾಗಿ 80ಕ್ಕೆ 1ರಿಂದ 100ಕ್ಕೆ 1ರಷ್ಟು ವಾಟ ಕೊಡುತ್ತಾರೆ. ಅಂದರೆ ಒಂದು ಮೀಟರಿಗೆ 10ರಿಂದ 12 ಮಿಲಿಮೀಟರ್ ಇಳಿತ. ನಮ್ಮ ಈ ಮನೆಯಲ್ಲಿ ಶವರ್ ಗೋಡೆಯಿಂದ ಟ್ರ್ಯಾಪ್‌ಗೆ ಎರಡು ಮೀಟರ್ ದೂರ. ಇಳಿತ ಕನಿಷ್ಠ 20 ಮಿಲಿಮೀಟರ್ ಇರಬೇಕಿತ್ತು. ನೇರವಾದ ಅಲ್ಯೂಮಿನಿಯಂ ಪಟ್ಟಿಯ ಮೇಲೆ ರಸಮಟ್ಟ ಇಟ್ಟು, ಟ್ರ್ಯಾಪ್ ತುದಿಯಲ್ಲಿ ಪಟ್ಟಿಗೂ ನೆಲಕ್ಕೂ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆದರೆ ಸಿಕ್ಕಿದ್ದು 6 ಮಿಲಿಮೀಟರ್. ನಡುವೆ ಒಂದು ಕಡೆ ನೆಲ ಟ್ರ್ಯಾಪ್‌ಗಿಂತಲೂ ತಗ್ಗಾಗಿದೆ. ಅಲ್ಲೇ ನೀರು ನಿಲ್ಲುವುದು. ಸ್ಕೇಲು ಕಾಣುವಂತೆ ತೆಗೆದ ಒಂದು ಫೋಟೋ ‘ಇಳಿಜಾರು ಸರಿಯಿಲ್ಲ’ ಎಂದು ಹತ್ತು ಸಲ ಬರೆದುದಕ್ಕೆ ಸಮ.

ನೀರು ಯಾವ ದಾರಿಯಲ್ಲಿ ಸೋರುತ್ತಿದೆ ಎಂಬುದನ್ನು ಪತ್ತೆಮಾಡಲು ಕೆಳಮನೆಯವರ ಸಹಕಾರ ಬೇಕು. ಸೀಲಿಂಗಿನ ಕಲೆಯ ಅಂಚಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಹಾಕಿ, ಒಂದು ವಾರ ಆ ಬಚ್ಚಲನ್ನು ಬಳಸದೆ ಬಿಡಬೇಕು. ನಲ್ಲಿಗೆ ಬರುವ ವಾಲ್ವ್ ಮಾತ್ರ ತೆರೆದೇ ಇರಲಿ. ಕಲೆ ಆಮೇಲೂ ಬೆಳೆಯುತ್ತಲೇ ಇದ್ದರೆ ಒತ್ತಡದಲ್ಲಿರುವ ನಲ್ಲಿ ಪೈಪಿನ ಮೇಲೆ ಅನುಮಾನ ಪಡಬೇಕು. ಅವಸರ ಬೇಡ, ತುಂಬಿನಲ್ಲಿ ಮೊದಲೇ ಸೇರಿದ ನೀರು ಇಳಿಯಲು ದಿನಗಳು ಹಿಡಿಯುತ್ತವೆ. ಈ ಮನೆಯಲ್ಲಿ ಕಲೆ ಒಣಗತೊಡಗಿತು. ಮುಂದೆ, ನೆಲ ಒದ್ದೆಯಾಗದಂತೆ ಪೈಪು ಹಿಡಿದು ನೀರನ್ನು ನೇರ ಟ್ರ್ಯಾಪ್ ಒಳಕ್ಕೆ ಬಿಟ್ಟರೆ ಚರಂಡಿ ಪೈಪಿನ ಜಾಯಿಂಟುಗಳ ಪರೀಕ್ಷೆಯಾಗುತ್ತದೆ. ಕೆಳಗೆ ಏನೂ ಬದಲಾಗಲಿಲ್ಲ. ಕೊನೆಗೆ ಟ್ರ್ಯಾಪ್‌ಗೆ ಬಟ್ಟೆ ಬಿಗಿದು, ಹೊಸ್ತಿಲು ದಾಟದಂತೆ ಎರಡು ಮೂರು ಸೆಂಟಿಮೀಟರ್ ನೀರನ್ನು ನೆಲದ ಮೇಲೆ 24 ಗಂಟೆ ನಿಲ್ಲಿಸಿದರು. ಮರುದಿನ ಸಂಜೆಗೆ ತೇವ ಪೆನ್ಸಿಲ್ ಗೆರೆ ದಾಟಿತ್ತು. ಪೈಪುಗಳ ಮೇಲಿನ ಅನುಮಾನ ಕಳೆಯಿತು, ಉಳಿದದ್ದು ನೆಲ ಮತ್ತು ಅದರ ಕೆಳಗಿನ ವಾಟರ್‌ಪ್ರೂಫಿಂಗ್.

ಪತ್ರ ಬರೆಯಲು ಕೂರಬೇಕಾದದ್ದು ಇಷ್ಟೆಲ್ಲ ಆದ ಮೇಲೆ. ಅದರ ಮುಖ್ಯ ಭಾಗ ಹೀಗಿರಬಹುದು:

‘ಸದರಿ ಫ್ಲ್ಯಾಟನ್ನು ತಾವು ಇಂಥ ದಿನಾಂಕದಂದು ನಮ್ಮ ಸ್ವಾಧೀನಕ್ಕೆ ಕೊಟ್ಟಿದ್ದೀರಿ. ದೊಡ್ಡ ಬಚ್ಚಲಿನ ನೆಲದಲ್ಲಿ ಎರಡು ಮೀಟರಿಗೆ 6 ಮಿ.ಮೀ. ಮಾತ್ರ ಇಳಿತವಿದ್ದು ನೀರು ನಿಲ್ಲುತ್ತಿದೆ. 24 ಗಂಟೆ ನೀರು ನಿಲ್ಲಿಸಿ ನೋಡಿದಾಗ ಕೆಳಮನೆಯ ಸೀಲಿಂಗಿನಲ್ಲಿ ತೇವ ಹೆಚ್ಚಿತು. ಫೋಟೋಗಳನ್ನೂ ಆ ಮನೆಯವರ ಸಹಿಯನ್ನೂ ಲಗತ್ತಿಸಿದ್ದೇವೆ. ನಾವು ಈ ಬಚ್ಚಲಿನಲ್ಲಿ ಗೀಸರ್ ಅಳವಡಿಸಿದ್ದು ಬಿಟ್ಟರೆ ನೆಲವನ್ನಾಗಲಿ ಪೈಪನ್ನಾಗಲಿ ಮುಟ್ಟಿಲ್ಲ. ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, 2016ರ ಕಲಂ 14(3)ರಂತೆ ಈ ದೋಷಗಳನ್ನು 30 ದಿನದೊಳಗೆ ನಮ್ಮಿಂದ ಖರ್ಚು ಪಡೆಯದೆ ಸರಿಪಡಿಸಿಕೊಡಬೇಕು. ಹೊಸ ವಾಟರ್‌ಪ್ರೂಫಿಂಗ್ ಮೇಲೆ ಟೈಲ್ಸ್ ಹಾಕುವ ಮೊದಲು ನಮ್ಮ ಎದುರಿಗೆ ನೀರು ನಿಲ್ಲಿಸಿ ತೋರಿಸಬೇಕು.’

ಗೀಸರಿನ ಮಾತನ್ನು ನಾವೇ ಮೊದಲು ಹೇಳಿಬಿಡುವುದು ಜಾಣತನ. ‘ನಿಮ್ಮ ಕಾರ್ಪೆಂಟರ್ ಎಲ್ಲೋ ಡ್ರಿಲ್ ಮಾಡಿದ್ದಾರೆ’ ಎಂಬುದು ಬಿಲ್ಡರ್ ಕಡೆಯಿಂದ ಬರುವ ಮೊದಲ ಬಾಣ. ಮಾಲೀಕರು ನಿಜವಾಗಿಯೂ ಟೈಲ್ಸ್ ಬದಲಿಸಿದ್ದರೆ ಆ ಬಾಣಕ್ಕೆ ಬಲವೂ ಬರುತ್ತದೆ. ಎರಡನೆಯದು, ‘ಪ್ಲಂಬಿಂಗ್ ವಾರಂಟಿ ಒಂದೇ ವರ್ಷ’ ಎನ್ನುವುದು. ಕರಾರಿನಲ್ಲಿ ಹಾಗೆಂದು ಅಚ್ಚಾಗಿದ್ದರೂ ಕಲಂ 14(3)ರಲ್ಲಿರುವ ಅವಧಿ ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷ. ಕಟ್ಟಡದ ರಚನೆಯ ದೋಷ ಮಾತ್ರವಲ್ಲ, ಕೆಲಸಗಾರಿಕೆ ಮತ್ತು ಗುಣಮಟ್ಟದ ದೋಷಗಳೂ ಅದರಲ್ಲಿ ಸೇರುತ್ತವೆ. ಐದು ವರ್ಷದೊಳಗೆ ಆಗಬೇಕಾದದ್ದು ದೋಷವನ್ನು ಬಿಲ್ಡರ್ ಗಮನಕ್ಕೆ ತರುವುದು. ಸೈಟ್ ಎಂಜಿನಿಯರ್‌ಗೆ ಫೋನಿನಲ್ಲಿ ಹೇಳಿದ್ದನ್ನು ಆಮೇಲೆ ರುಜುವಾತು ಮಾಡುವುದು ಕಷ್ಟ. ಸ್ಪೀಡ್ ಪೋಸ್ಟ್ ರಸೀದಿ, ಇಮೇಲ್ ಎರಡೂ ಇರಲಿ.

ಸ್ವಂತ ನಿವೇಶನದಲ್ಲಿ ಮೇಸ್ತ್ರಿ ಅಥವಾ ಕಂಟ್ರಾಕ್ಟರ್ ಹಿಡಿದು ಮನೆ ಕಟ್ಟಿಸಿಕೊಂಡವರಿಗೆ ಈ ಕಲಂ ಒದಗುವುದಿಲ್ಲ. ಅವರ ಆಧಾರ ಕರಾರುಪತ್ರ ಮತ್ತು ಗ್ರಾಹಕರ ಆಯೋಗ.

ಬಿಲ್ಡರ್ ಒಪ್ಪಿದ ಮೇಲೂ ಚೌಕಾಸಿ ಇರುತ್ತದೆ. ಎಪಾಕ್ಸಿ ಗ್ರೌಟ್ ಹಾಕಿಕೊಡುತ್ತೇವೆ, ಅಷ್ಟೇ ಸಾಕು ಎನ್ನುತ್ತಾರೆ. ಎಪಾಕ್ಸಿ ಸಂದಿಗಳನ್ನು ಚೆನ್ನಾಗಿಯೇ ಮುಚ್ಚುತ್ತದೆ, ಆದರೆ ತಗ್ಗು ತಗ್ಗಾಗಿಯೇ ಇರುತ್ತದೆ, ತಳದ ವಾಟರ್‌ಪ್ರೂಫಿಂಗೂ ಸರಿಹೋಗುವುದಿಲ್ಲ. ಇಳಿಜಾರು ತಪ್ಪಿದ ನೆಲಕ್ಕೆ ಟೈಲ್ಸ್ ಕಿತ್ತು ಮತ್ತೆ ಹಾಕುವುದೊಂದೇ ದಾರಿ. ಈ ಮನೆಯಂತೆ ನೀರು ಕೆಳಕ್ಕೂ ಇಳಿದಿದ್ದರೆ ತುಂಬನ್ನೂ ತೆಗೆದು ಸ್ಲ್ಯಾಬ್ ಮಟ್ಟದಿಂದ ಶುರುಮಾಡಬೇಕು. ಅದೇ ಟೈಲ್ಸ್ ಈಗ ಸಿಗದಿದ್ದರೆ ಇಡೀ ನೆಲಕ್ಕೆ ಹೊಸದನ್ನು ಹಾಕಿಕೊಡಬೇಕೆಂದು ಪತ್ರದಲ್ಲೇ ಬರೆದಿಡಿ.

30 ದಿನ ಕಳೆದರೂ ಕೆಲಸ ಆಗದಿದ್ದರೆ ಕಾಯ್ದೆಯಂತೆ ಪರಿಹಾರ ಕೇಳಬಹುದು. ದೂರು ಹೋಗುವುದು ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ. ಕೆಲಸ ಆದರೆ, ಅದೇ ದಿನ ‘ತೃಪ್ತಿಕರವಾಗಿ ಪೂರ್ಣಗೊಂಡಿದೆ’ ಎಂಬ ಕಾಗದ ಸಹಿಗೆ ಬರುತ್ತದೆ. ಟ್ರ್ಯಾಪ್‌ಗೆ ಬಟ್ಟೆ ಬಿಗಿದು ಇನ್ನೊಮ್ಮೆ 24 ಗಂಟೆ ನೀರು ನಿಲ್ಲಿಸಿ, ಕೆಳಮನೆಯ ಸೀಲಿಂಗ್ ನೋಡಿ ಬರುವವರೆಗೆ ಅದು ಮೇಜಿನ ಮೇಲೇ ಇರಲಿ.