ಜೊಳ್ಳು ಯಾರ ಪಾಲಿಗೆ?

ಮಲೆನಾಡಿನಲ್ಲಿ ಕಾಳುಮೆಣಸು ಕೊಳ್ಳುವ ವ್ಯಾಪಾರಿ ಮೊದಲು ನೋಡುವುದು ಲೀಟರ್ ತೂಕ. ಒಂದು ಲೀಟರಿನ ಪಾತ್ರೆಗೆ ಕಾಳು ತುಂಬಿ, ಮೇಲಿನದನ್ನು ಸವರಿ, ತಕ್ಕಡಿಗಿಡುತ್ತಾನೆ. 550 ಗ್ರಾಂ ತೂಗಿದರೆ ಗಟ್ಟಿ ಮಾಲು. 500ಕ್ಕಿಂತ ಕೆಳಗಿಳಿದರೆ ಜೊಳ್ಳು ಜಾಸ್ತಿ ಎಂದು ದರ ಮುರಿಯುತ್ತಾನೆ. ವಾಟ್ಸ್‌ಆಪ್‌ನಲ್ಲಿ ಆರ್ಡರ್ ಕೊಡುವ ಬೆಂಗಳೂರಿನ ಮನೆಯವರು ಈ ಲೆಕ್ಕ ಕೇಳುವುದಿಲ್ಲ. ಆದರೆ ಬೆರಳಿಗೆ ಸಿಕ್ಕ ಕಾಳು ಪುಡಿಪುಡಿಯಾದರೆ ಮತ್ತೆ ಆರ್ಡರ್ ಬರುವುದಿಲ್ಲ. ವ್ಯಾಪಾರಿಯ ಕೆಲಸ ಈಗ ಬೆಳೆಗಾರನ ಅಂಗಳಕ್ಕೆ ಬಂತು ಎಂದೇ ಅರ್ಥ.

ಬಿಡಿಸಿದ ಹಸಿ ಕಾಳನ್ನು ತೂತಿನ ಬುಟ್ಟಿಯಲ್ಲಿಟ್ಟು ಕುದಿಯುವ ನೀರಿನಲ್ಲಿ ಒಂದೇ ನಿಮಿಷ ಅದ್ದಿ ತೆಗೆದರೆ ಬೇಗ ಒಣಗುತ್ತದೆ, ಬಣ್ಣವೂ ಒಂದೇ ಸಮ ಕಪ್ಪಾಗುತ್ತದೆ. ಒಣಗಿದ ಮೇಲೆ ತೂರಿ ಧೂಳು, ತೊಟ್ಟು ಹಾರಿಸಬೇಕು. ಜೊಳ್ಳಿನ ಬಹುಪಾಲೂ ಗಾಳಿಗೇ ಹೋಗುತ್ತದೆ. ಉಳಿದದ್ದನ್ನು ಜರಡಿ ಹಿಡಿದರೆ ಸಾಸಿವೆಯಂಥ ಸಣ್ಣ ಕಾಳು ಕೆಳಗಿಳಿಯುತ್ತದೆ. 4.25 ಮಿಲಿಮೀಟರ್ ಜರಡಿಯ ಮೇಲೆ ನಿಲ್ಲುವ ದಪ್ಪ ಕಾಳನ್ನು ಬೇರೆಯಾಗಿ, ಹೆಚ್ಚಿನ ಬೆಲೆಗೆ ಮಾರಬಹುದು.

ಬೆಲೆ ಕಟ್ಟುವಾಗ ಹಲವರು ತಪ್ಪುವುದು ಇಲ್ಲೇ. ಒಂದು ಲೆಕ್ಕ ಹಿಡಿಯೋಣ: 100 ಕಿಲೋ ಒಣಮೆಣಸು ಇದ್ದಂತೆಯೇ ಕಿಲೋಗೆ 650 ರೂಪಾಯಿಯಂತೆ ಮಾರಿದರೆ 65,000. ಅದನ್ನೇ ತೂರಿ ಜರಡಿ ಹಿಡಿದಾಗ 84 ಕಿಲೋ ಉಳಿಯಿತು ಎನ್ನಿ. ಅಷ್ಟೇ ದುಡ್ಡು ಬರಬೇಕಾದರೆ ಕಿಲೋಗೆ ಸುಮಾರು 774 ಬೇಕು. ಚೀಲ, ಕೂಲಿ, ಕೊರಿಯರ್ ಇನ್ನೂ ಸೇರಿಲ್ಲ. ಜೊಳ್ಳನ್ನು ಕಡಿಮೆ ದರಕ್ಕೆ ಪುಡಿ ಮಾಡುವವರಿಗೆ ಕೊಟ್ಟರೆ ಸ್ವಲ್ಪ ವಾಪಸಾಗುತ್ತದೆ. ‘ಮಂಡಿ ದರಕ್ಕಿಂತ ಐವತ್ತು ರೂಪಾಯಿ ಹೆಚ್ಚು ಸಿಕ್ಕಿತು’ ಎಂದು ಹಿಗ್ಗುವವರು ನಿಜವಾಗಿ ಕಳೆದುಕೊಂಡಿರುತ್ತಾರೆ.

ಇನ್ನು ತೇವ. ಶೇ 11ರ ಆಸುಪಾಸಿಗೆ ಒಣಗಿದ ಕಾಳು ಹಲ್ಲಿನಡಿ ಟಕ್ ಎಂದು ಒಡೆಯುತ್ತದೆ. ಒಣಗದ್ದು ಮೆತ್ತಗೆ ಅಮುಕುತ್ತದೆ. ಮಾರ್ಚಿನಲ್ಲಿ ಟಕ್ ಎಂದದ್ದು ಗೋಣಿಚೀಲದಲ್ಲೇ ಇದ್ದರೆ ಜುಲೈ ಹೊತ್ತಿಗೆ ಮಳೆಗಾಲದ ಗಾಳಿಯ ತೇವ ಹೀರಿಕೊಂಡಿರುತ್ತದೆ. ಅದನ್ನೇ ಪೊಟ್ಟಣಕ್ಕೆ ತುಂಬಿದರೆ ಒಳಗೆ ಬಿಳಿ ಬೂಷ್ಟು. ಆದ್ದರಿಂದ ವರ್ಷದ ಮಾಲನ್ನೆಲ್ಲ ಮಳೆ ಹಿಡಿಯುವ ಮೊದಲೇ ಗಾಳಿಯಾಡದಂತೆ ಕಟ್ಟಿಡಬೇಕು. ತೆಳು ಪ್ಲಾಸ್ಟಿಕ್ ಕವರಿನಲ್ಲಿ ಘಮ ನಿಲ್ಲದು. ಅಲ್ಯೂಮಿನಿಯಂ ಪದರದ ಚೀಲಕ್ಕೆ ನಾಲ್ಕು ಕಾಸು ಹೆಚ್ಚಾದರೂ ಅದೇ ಸರಿ. ಮೇಲೆ ತೂಕ, ಬೆಲೆ, ಪ್ಯಾಕ್ ಮಾಡಿದ ದಿನ, 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಲಿ.

ಕೊನೆಗೆ ತೂಕದ್ದೇ ಇನ್ನೊಂದು ಆಟ. ಅರ್ಧ ಕಿಲೋಗೊಂದು ಹಂತದಂತೆ ದರ ಹಾಕುವ ಕೊರಿಯರ್‌ನಲ್ಲಿ 500 ಗ್ರಾಂ ಮೆಣಸು ಕಳಿಸಿದರೆ ಚೀಲ, ಹೊದಿಕೆ ಸೇರಿ 500 ದಾಟುತ್ತದೆ, ಒಂದು ಕಿಲೋದ ದರ ಬೀಳುತ್ತದೆ. 400 ಗ್ರಾಂ ಪೊಟ್ಟಣ ಮಾಡಿದರೆ ಎಲ್ಲ ಸೇರಿಯೂ ಮೊದಲ ಹಂತದೊಳಗೇ ಹೋಗುತ್ತದೆ.