ಕಥೆಯನ್ನು ಎಲ್ಲಿ ನಿಲ್ಲಿಸಿದಿರೋ ಅಲ್ಲಿಂದಲೇ ಭಾಷಣ ಮುಗಿಸುವುದು

1893ರ ಸೆಪ್ಟೆಂಬರ್ 15ರಂದು ಷಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಒಂದು ಪುಟ್ಟ ಭಾಷಣ ಮಾಡಿದರು. ನಾಲ್ಕು ದಿನ ಹಿಂದಿನ ಅವರ ಮೊದಲ ಭಾಷಣ ಎಲ್ಲರಿಗೂ ಗೊತ್ತು, ಇದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಓದಿದರೆ ಕೆಲವೇ ನಿಮಿಷ. ಆದರೆ ಆರಂಭದ ಕಥೆಗೆ ಮರಳಿ ಮಾತು ಮುಗಿಸುವುದು ಹೇಗೆ ಎಂದು ಕಲಿಯಲು ಇದಕ್ಕಿಂತ ಚಿಕ್ಕ, ಸ್ಪಷ್ಟ ಮಾದರಿ ನನಗೆ ಸಿಕ್ಕಿಲ್ಲ.

ಅವರು ಹೇಳಿದ್ದು ಬಾವಿಯ ಕಪ್ಪೆಯ ಕಥೆ. ಬಾವಿಯಲ್ಲೇ ಹುಟ್ಟಿ ಬೆಳೆದ ಕಪ್ಪೆಯ ಬಳಿಗೆ ಸಮುದ್ರದ ಕಪ್ಪೆಯೊಂದು ಬಂದು ಬೀಳುತ್ತದೆ. ಸಮುದ್ರ ಎಷ್ಟು ದೊಡ್ಡದು, ಇಷ್ಟಿದೆಯೇ ಎಂದು ಬಾವಿಯ ಕಪ್ಪೆ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾರಿ ತೋರಿಸುತ್ತದೆ. ಹೋಲಿಕೆಯೇ ಇಲ್ಲ ಎಂದು ಬಂದ ಕಪ್ಪೆ ಹೇಳಿದಾಗ, ನನ್ನ ಬಾವಿಗಿಂತ ದೊಡ್ಡದು ಇರಲಾರದು, ಇವನು ಸುಳ್ಳ, ಹೊರಗೆ ಹಾಕಿ ಎನ್ನುತ್ತದೆ. ಕಥೆ ಅಲ್ಲಿಗೇ ನಿಲ್ಲುತ್ತದೆ. ಸಮುದ್ರದ ಕಪ್ಪೆ ಮುಂದೇನು ಮಾಡಿತು, ಬಾವಿಯ ಕಪ್ಪೆಗೆ ಬುದ್ಧಿ ಬಂತೇ? ಅವರು ಹೇಳುವುದಿಲ್ಲ. ಬದಲಿಗೆ ನಾನೊಬ್ಬ ಹಿಂದೂ, ನನ್ನ ಪುಟ್ಟ ಬಾವಿಯಲ್ಲಿ ಕೂತಿದ್ದೇನೆ ಎಂದು ತಮ್ಮಿಂದಲೇ ಶುರುಮಾಡಿ, ಕ್ರೈಸ್ತರು, ಮುಸಲ್ಮಾನರು ತಮ್ಮತಮ್ಮ ಬಾವಿಗಳಲ್ಲಿ ಕೂತಿದ್ದಾರೆ ಎನ್ನುತ್ತಾರೆ. ಕೊನೆಯ ಮಾತಿನಲ್ಲಿ, ನಮ್ಮ ಈ ಪುಟ್ಟ ಜಗತ್ತಿನ ಅಡ್ಡಗೋಡೆಗಳನ್ನು ಒಡೆಯಲು ಹೊರಟಿರುವುದಕ್ಕೆ ಅಮೆರಿಕದವರಿಗೆ ವಂದನೆ ಹೇಳಿ ಕೂರುತ್ತಾರೆ.

ಗಮನಿಸಿ, ಕೊನೆಯ ವಾಕ್ಯದಲ್ಲಿ ಕಪ್ಪೆ ಇಲ್ಲ. ಕಥೆಯನ್ನು ಅವರು ಮತ್ತೆ ಹೇಳಲೂ ಇಲ್ಲ. ಬಾವಿಗೆ ಗೋಡೆ ಇರುತ್ತದೆ ಎಂಬುದು ಕೇಳುವವರ ಮನಸ್ಸಿನಲ್ಲಿ ಆಗಲೇ ಕೂತಿದೆ. ಒಡೆಯುವ ಮಾತು ಬಂದ ಕೂಡಲೇ ಕೇಳುವವರೇ ಹೋಗಿ ಬಾವಿಯ ಹತ್ತಿರ ನಿಲ್ಲುತ್ತಾರೆ. ಆರಂಭದಲ್ಲಿ ಗೋಡೆಯೊಳಗೆ ಸಿಕ್ಕಿಬಿದ್ದ ಚಿತ್ರ, ಕೊನೆಯಲ್ಲಿ ಗೋಡೆ ಒಡೆಯುವ ಚಿತ್ರ. ಬದಲಾದದ್ದು ಇದೊಂದೇ. ಮುಗಿಯಿತು ಎಂಬ ಭಾವ ಬರುವುದು ಈ ಒಂದು ಬದಲಾವಣೆಯಿಂದ. ಕಥೆ ಮರಳಿ ಬಂದ ಮಾತ್ರಕ್ಕೆ ಅದು ಬರುವುದಿಲ್ಲ. ಮೊದಲಿದ್ದ ಹಾಗೇ ಮರಳಿ ಬಂದರೆ ಹೇಳಿದ್ದನ್ನೇ ಹೇಳಿದಂತೆ ಕೇಳಿಸುತ್ತದೆ.

ಆದ್ದರಿಂದ ಈ ಕೆಲಸದ ಮುಕ್ಕಾಲು ಭಾಗ ಆರಂಭದಲ್ಲೇ ಮುಗಿದಿರಬೇಕು. ಹೆಚ್ಚಿನವರು ಎಡವುವುದೂ ಅಲ್ಲೇ. ಮೊದಲ ಎರಡು ನಿಮಿಷದಲ್ಲಿ ಕಥೆಯನ್ನು ಪೂರ್ತಿ ಹೇಳಿ, ಅದರ ನೀತಿಯನ್ನೂ ಹೇಳಿಬಿಡುತ್ತಾರೆ. ಹಾಗೆ ಮುಚ್ಚಿದ ಕಥೆಗೆ ಕೊನೆಯಲ್ಲಿ ಮರಳಿದರೆ ಅಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ. ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಮನಃಶಾಸ್ತ್ರಜ್ಞೆ ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ಬರೆದರು. ನಂತರ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಅದು ಪ್ರತಿಸಲವೂ ಕಂಡುಬರಲಿಲ್ಲ, ಹಾಗಾಗಿ ಅದನ್ನೊಂದು ನಿಯಮ ಎನ್ನುವಂತಿಲ್ಲ. ಸಭೆಯಲ್ಲಿ ಕೂತವರ ಕುತೂಹಲದ ಮಟ್ಟಿಗೆ ಮಾತ್ರ, ಧಾರಾವಾಹಿ ನೋಡುವ ಯಾರಿಗೂ ಇದಕ್ಕೆ ಪ್ರಯೋಗ ಬೇಕಿಲ್ಲ.

ಒಂದು ಉದಾಹರಣೆ ಕಟ್ಟಿ ನೋಡೋಣ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯೆಯೊಬ್ಬರು ಹಳ್ಳಿಯ ಶಾಲೆಯಲ್ಲಿ ಪೋಷಕರ ಸಭೆಗೆ ಬಂದಿದ್ದಾರೆ ಎಂದುಕೊಳ್ಳಿ. ವಿಷಯ ಹಾವು ಕಡಿತ, ಸಮಯ ಹದಿನೈದು ನಿಮಿಷ. ಅವರು ಹೀಗೆ ಶುರುಮಾಡುತ್ತಾರೆ:

"ಮಳೆಗಾಲದ ಒಂದು ರಾತ್ರಿ. ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ ಹುಡುಗ ಎದ್ದು, ಕೈಗೆ ಏನೋ ಚುಚ್ಚಿದ ಹಾಗಾಯ್ತಮ್ಮ ಅಂದ. ನೋವಿಲ್ಲ, ಊತವಿಲ್ಲ. ಬೆಳಗಿನ ಜಾವಕ್ಕೆ ಅವನ ಕಣ್ಣಿನ ರೆಪ್ಪೆ ಎತ್ತಲು ಆಗುತ್ತಿರಲಿಲ್ಲ. ಅಪ್ಪ, ಅಮ್ಮ ಆಟೋ ಹತ್ತಿಸಿದರು. ಊರಾಚೆ ಕವಲಿನಲ್ಲಿ ಆಟೋ ನಿಂತಿತು. ಎಡಕ್ಕೆ ಹೋದರೆ ಬೇರು ತೇಯ್ದು ಕೊಡುವವರ ಮನೆ, ಎರಡು ಕಿಲೋಮೀಟರ್. ಬಲಕ್ಕೆ ತಾಲ್ಲೂಕು ಆಸ್ಪತ್ರೆ, ಇಪ್ಪತ್ತೆರಡು ಕಿಲೋಮೀಟರ್. ಆಟೋದವನು ಹಿಂದೆ ತಿರುಗಿ ಕೇಳಿದ, ಎತ್ಲಾಗೆ ಹೋಗ್ಲಿ ಅಣ್ಣ?"

ಇಲ್ಲಿಗೆ ನಿಲ್ಲಿಸಬೇಕು. ಹುಡುಗ ಉಳಿದನೇ ಎಂದು ಹೇಳಕೂಡದು. ನಿಲ್ಲಿಸುವ ಜಾಗವನ್ನು ಆರಿಸುವಾಗ ಒಂದು ಲೆಕ್ಕವಿದೆ. ಭಾಷಣದ ನಡುವೆ ನೀವು ಕೊಡುವ ಮಾಹಿತಿಯಿಂದಲೇ ಉತ್ತರ ಸಿಗುವಂಥ ಪ್ರಶ್ನೆಯ ಮೇಲೆ ಕಥೆ ನಿಂತಿರಬೇಕು. ಹುಡುಗ ಬದುಕಿದನೇ ಎಂಬ ಪ್ರಶ್ನೆಗೆ ಉತ್ತರ ವೈದ್ಯೆಗೆ ಮಾತ್ರ ಗೊತ್ತು, ಸಭೆ ಸುಮ್ಮನೆ ಕಾಯಬೇಕಷ್ಟೆ. ಎತ್ತ ತಿರುಗಬೇಕು ಎಂಬ ಪ್ರಶ್ನೆಗಾದರೋ ಹನ್ನೆರಡು ನಿಮಿಷದ ನಂತರ ಸಭೆಯೇ ಉತ್ತರ ಕೊಡಬಲ್ಲದು.

ನಡುವಿನ ಭಾಗದಲ್ಲಿ ಅವರು ತಮ್ಮ ವಿಷಯ ಹೇಳುತ್ತಾರೆ. ಕಟ್ಟುಹಾವು ರಾತ್ರಿ ಸಂಚರಿಸುತ್ತದೆ, ಕಡಿದದ್ದೇ ಗೊತ್ತಾಗದಿರಬಹುದು, ಅದರ ವಿಷ ನರಗಳ ಕೆಲಸ ನಿಲ್ಲಿಸಿ ಕೊನೆಗೆ ಉಸಿರಾಟಕ್ಕೆ ತಡೆ ತರುತ್ತದೆ. ಬಿಗಿಯಾಗಿ ಹಗ್ಗ ಕಟ್ಟಬಾರದು, ಗಾಯ ಕೊಯ್ಯಬಾರದು, ಬಾಯಿಂದ ಹೀರಬಾರದು. ಹಾವನ್ನು ಹಿಡಿದು ತರುವ ಸಾಹಸ ಬೇಡ, ಏಕೆಂದರೆ ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ಇದರ ನಡುವೆ ಒಂದೇ ಒಂದು ಸಲ ಆಟೋವನ್ನು ನೆನಪಿಸಬೇಕು: "ಇಪ್ಪತ್ತೆರಡು ಕಿಲೋಮೀಟರ್ ಆಟೋದಲ್ಲಿ ಹುಡುಗನ ಕೈ ಅಲ್ಲಾಡದ ಹಾಗೆ ಇಡುವುದು ಹೇಗೆ? ಒಂದು ಮರದ ಪಟ್ಟಿ, ಒಂದು ಟವಲು ಸಾಕು." ಹೀಗೆ ಹೇಳುತ್ತ ಸ್ಕೇಲೊಂದನ್ನು ತಮ್ಮ ಕೈಗೇ ಕಟ್ಟಿ ತೋರಿಸಿದರೆ ಇನ್ನೂ ಒಳ್ಳೆಯದು.

ಆಟೋವನ್ನು ನೆನಪಿಸುವ ಈ ಮಾತು ಎರಡು ಕೆಲಸ ಮಾಡುತ್ತದೆ. ಕಥೆಯ ಎಳೆ ತಣ್ಣಗಾಗದಂತೆ ನೋಡಿಕೊಳ್ಳುತ್ತದೆ. ಜೊತೆಗೆ ತಡವಾಗಿ ಬಂದವರಿಗೆ ಯಾವುದೋ ಹುಡುಗ, ಯಾವುದೋ ಆಟೋ ಎಂಬಷ್ಟಾದರೂ ತಲುಪುತ್ತದೆ. ನಮ್ಮ ಸಭೆಗಳಲ್ಲಿ ಅರ್ಧ ಜನ ಬರುವುದೇ ಪ್ರಾರ್ಥನೆ, ಸ್ವಾಗತ, ಹಾರ ತುರಾಯಿ ಮುಗಿದ ಮೇಲೆ. ಒಂದು ಸಲಕ್ಕಿಂತ ಹೆಚ್ಚು ನೆನಪಿಸಿದರೆ ಮಾತ್ರ ತಂತ್ರ ಕಣ್ಣಿಗೆ ಹೊಡೆಯುತ್ತದೆ.

ಈಗ ಮುಕ್ತಾಯ. ಅರ್ಧ ನಿಮಿಷ, ನಾಲ್ಕೈದು ವಾಕ್ಯ: "ಕವಲಿನಲ್ಲಿ ಆಟೋ ಇನ್ನೂ ನಿಂತಿದೆ. ಅಪ್ಪನಿಗೆ ಬಾಯಿ ಬರಲಿಲ್ಲ. ಹತ್ತಿರ ಅನ್ನುವ ಕಾರಣಕ್ಕೆ ಎಡಕ್ಕೆ ಕೈ ತೋರಿಸಲು ಹೊರಟಿದ್ದರು. ಹಿಂದಿನ ಸೀಟಿನಲ್ಲಿ ಮಗನ ತಲೆ ಹಿಡಿದು ಕೂತಿದ್ದ ಅಮ್ಮ ಅಂದರು, ಬಲಕ್ಕೆ."

ಅಲ್ಲಿಗೆ ಕೂರಬೇಕು. ಹುಡುಗ ಈಗ ಏಳನೇ ತರಗತಿಯಲ್ಲಿ ಓದುತ್ತಿದ್ದಾನೆ ಎಂದು ಸೇರಿಸುವ ಆಸೆಯಾಗುತ್ತದೆ, ಚಪ್ಪಾಳೆಯೂ ಬರುತ್ತದೆ. ಆದರೆ ಆಗ ಜನ ಹುಡುಗನನ್ನು ನೆನಪಿಟ್ಟುಕೊಂಡು ಮನೆಗೆ ಹೋಗುತ್ತಾರೆ, ರಸ್ತೆಯನ್ನಲ್ಲ. ಬಾವಿಯ ಕಥೆಯಲ್ಲಿ ಗೋಡೆ ಹೇಗೋ ಇಲ್ಲಿ ಕವಲು ಹಾಗೆ. ಬದಲಾಗಬೇಕಾದದ್ದು ಅದೊಂದೇ. ಯಾರಾದರೂ ಹುಡುಗ ಏನಾದ ಎಂದು ಆಮೇಲೆ ಬಂದು ಕೇಳಿದರೆ ಖಂಡಿತ ಹೇಳಬಹುದು.

ಇಂಥ ಮುಕ್ತಾಯ ಕೆಟ್ಟಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಬರೆದಿಟ್ಟ ಭಾಷಣದ ನಡುವಿನ ಪುಟಗಳನ್ನು ಪಕ್ಕಕ್ಕಿಟ್ಟು, ಆರಂಭದ ಕಥೆ ಮತ್ತು ಕೊನೆಯ ವಾಕ್ಯಗಳನ್ನು ಮಾತ್ರ ಒಬ್ಬರಿಗೆ ಓದಿ ಹೇಳಿ. ಅಷ್ಟಕ್ಕೇ ಅವರಿಗೆ ಪೂರ್ತಿ ಸಮಾಧಾನವಾದರೆ ನಡುವಿನ ಭಾಗಕ್ಕೂ ಕಥೆಗೂ ಸಂಬಂಧವಿಲ್ಲ ಎಂದರ್ಥ. "ಬಲಕ್ಕೇ ಯಾಕೆ, ಎಡಕ್ಕೆ ಹೋದರೆ ಏನಾಗ್ತಿತ್ತು?" ಎಂದು ಅವರು ಕೇಳಿದರೆ ಸರಿಯಾಗಿದೆ. ಆ ಪ್ರಶ್ನೆಯ ಉತ್ತರವೇ ನಿಮ್ಮ ಭಾಷಣ.

ಉದ್ದನೆಯ ಭಾಷಣದಲ್ಲಿ ಮರಳುವುದು ಇನ್ನೂ ಚಿಕ್ಕದಾಗಬಹುದು. 2008ರ ಮಾರ್ಚ್ 18ರಂದು ಫಿಲಡೆಲ್ಫಿಯಾದಲ್ಲಿ ಬರಾಕ್ ಒಬಾಮ ಜನಾಂಗ ಭೇದದ ಬಗ್ಗೆ ಅರ್ಧ ಗಂಟೆಗೂ ಮಿಕ್ಕಿ ಮಾತಾಡಿದರು. ಆರಂಭಿಸಿದ್ದು ಅದೇ ಊರಿನಲ್ಲಿ, 221 ವರ್ಷ ಹಿಂದೆ, ಎದುರು ಬೀದಿಯ ಸಭಾಂಗಣದಲ್ಲಿ ಸಂವಿಧಾನ ಬರೆಯಲು ಕೂತವರಿಂದ. ಆ ಬರಹ ಅಪೂರ್ಣವಾಗಿತ್ತು, ಗುಲಾಮಗಿರಿಯ ಕಲೆ ಅದರ ಮೇಲಿತ್ತು ಎಂದು ಹೇಳಿ ಮುಂದೆ ಹೋದರು. ಕೊನೆಗೆ ಬರುವಾಗ ಆಶ್ಲಿ ಎಂಬ ಯುವ ಕಾರ್ಯಕರ್ತೆಯ ಹೊಸ ಕಥೆಯೊಂದನ್ನು ಹೇಳುತ್ತಾರೆ. ಅದು ಮುಗಿಯುತ್ತಿದ್ದಂತೆ ಕಟ್ಟಕಡೆಯ ಒಂದೇ ವಾಕ್ಯದಲ್ಲಿ ಆ 221 ವರ್ಷ, ಆ ಸಹಿ ಹಾಕಿದವರು ಮರಳಿ ಬರುತ್ತಾರೆ. ಅಂಕಿಯೊಂದನ್ನು ಎರಡು ಸಲ ಹೇಳಿದ್ದೇ ಅಲ್ಲಿ ಕೊಂಡಿ. ಇಂಥ ಕಡೆ ಆರಂಭದಲ್ಲಿ ಹಿಡಿತಕ್ಕೆ ಸಿಗುವ ಒಂದು ವಿವರ ಇಟ್ಟಿರಬೇಕು. ಬಹಳ ವರ್ಷ ಹಿಂದೆ ಎಂದು ಶುರುಮಾಡಿದ್ದರೆ ಕೊನೆಯಲ್ಲಿ ಹಿಡಿದೆಳೆಯಲು ಏನೂ ಇರುತ್ತಿರಲಿಲ್ಲ.

ಮುಕ್ತಾಯವನ್ನು ಹಾಳುಮಾಡುವ ಎರಡು ಅಭ್ಯಾಸಗಳು ನಮ್ಮ ವೇದಿಕೆಗಳಲ್ಲಿ ಬೇರೂರಿವೆ. "ನಾನು ಆರಂಭದಲ್ಲಿ ಒಂದು ಕಥೆ ಹೇಳಿದ್ದೆ, ನಿಮಗೆ ನೆನಪಿರಬಹುದು" ಎಂಬ ಪೀಠಿಕೆ ಒಂದು. ನೆನಪಿಸಿಕೊಳ್ಳುವ ಸುಖವನ್ನು ಅದು ಕೇಳುಗರಿಂದ ಕಿತ್ತುಕೊಳ್ಳುತ್ತದೆ. ನೇರವಾಗಿ ಕವಲಿಗೆ ಹೋಗಿ ನಿಲ್ಲಿ, ಅವರು ಹಿಂದೆ ಬರುತ್ತಾರೆ. ಇನ್ನೊಂದು, ಕಥೆ ಮುಗಿದ ಮೇಲೆ "ಅವಕಾಶ ಮಾಡಿಕೊಟ್ಟ ಸಂಘಟಕರಿಗೆ ವಂದಿಸುತ್ತಾ ನನ್ನ ಎರಡು ಮಾತು ಮುಗಿಸುತ್ತೇನೆ." ವಂದನೆ ಹೇಳಲೇಬೇಕು, ಬಿಟ್ಟರೆ ಅಗೌರವ. ಆದರೆ ಅದನ್ನು ಕಥೆಗೆ ಮರಳುವ ಮುಂಚೆ ಹೇಳಿ ಮುಗಿಸಿ. ಹಾಗೆ ಮಾಡಿದರೆ ಸಭೆ ಎದ್ದು ಚಪ್ಪಲಿ ಹುಡುಕಲು ಶುರುಮಾಡುತ್ತದೆ ಎಂಬ ಭಯ ಇದ್ದರೆ, ವಂದನೆಯನ್ನು ಮೊದಲ ನಿಮಿಷಕ್ಕೇ ಸಾಗಿಸಿ.

ಸಮಯ ಮುಗಿಯಿತು ಎಂದು ನಿರೂಪಕರು ಚೀಟಿ ಕಳಿಸಿದಾಗ ಏನು ಮಾಡಬೇಕೆಂದೂ ಮೊದಲೇ ಗೊತ್ತಿರಬೇಕು. ಹೆಚ್ಚಿನವರು ಕ್ರಮವಾಗಿ ಹೋಗುತ್ತ ಕೊನೆಯನ್ನೇ ಕೈಬಿಡುತ್ತಾರೆ. ಕತ್ತರಿಸಬೇಕಾದದ್ದು ನಡುವನ್ನು. ವೈದ್ಯೆಯ ಭಾಷಣದಲ್ಲಾದರೆ ಹಾವುಗಳ ಹೆಸರು ಬಿಡಬಹುದು, ಆದರೆ ಕೈ ಅಲ್ಲಾಡಿಸದೆ ಆಸ್ಪತ್ರೆಗೆ ಎಂಬ ಭಾಗ ಬಿಟ್ಟರೆ ಕೊನೆಯ "ಬಲಕ್ಕೆ" ಪೊಳ್ಳಾಗುತ್ತದೆ. ಟಿಪ್ಪಣಿಯ ಹಾಳೆಯಲ್ಲಿ ಯಾವ ಯಾವ ಪ್ಯಾರಾದಿಂದ ನೇರ ಕೊನೆಗೆ ಜಿಗಿಯಬಹುದು ಎಂದು ಅಂಚಿನಲ್ಲಿ ಗುರುತು ಹಾಕಿಟ್ಟರೆ ಗಾಬರಿಯಾಗುವುದಿಲ್ಲ.

ಭಾಷಣದ ನಂತರ ಪ್ರಶ್ನೋತ್ತರ ಇದ್ದರೆ ಈ ಮುಕ್ತಾಯ ಕೊಚ್ಚಿಹೋಗುತ್ತದೆ. ಆಸ್ಪತ್ರೆಯಲ್ಲಿ ಔಷಧಿ ಇರುವುದೇ ಇಲ್ಲವಲ್ಲ ಮೇಡಂ ಎಂಬ ಕೊನೆಯ ಪ್ರಶ್ನೆ, ಅದಕ್ಕೊಂದು ಸಮಜಾಯಿಷಿ, ಜನ ಅದನ್ನೇ ಹೊತ್ತು ಹೋಗುತ್ತಾರೆ. ನಿರೂಪಕರಿಗೆ ಮೊದಲೇ ಹೇಳಿಟ್ಟುಕೊಳ್ಳಿ: ಪ್ರಶ್ನೆಗಳು ಮುಗಿದ ಮೇಲೆ ಮೈಕು ಒಂದು ನಿಮಿಷ ನನಗೆ ಬೇಕು, ವಂದನಾರ್ಪಣೆ ಅದಾದ ಮೇಲೆ.