ಕೈಸಾಲದ ಬಡ್ಡಿಗೂ ತೆರಿಗೆಯ ಲೆಕ್ಕ

ಹಾವೇರಿಯ ಶಿಕ್ಷಕಿಯೊಬ್ಬರು ಹಾರ್ಡ್‌ವೇರ್ ಅಂಗಡಿ ಇಡಲು ಹೊರಟ ತಮ್ಮನಿಗೆ ಏಪ್ರಿಲ್ 1ರಂದು 3 ಲಕ್ಷ ರೂಪಾಯಿ ಕೊಟ್ಟರು ಎಂದಿಟ್ಟುಕೊಳ್ಳೋಣ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ, ಅಂದರೆ ತಿಂಗಳಿಗೆ 3,000. ಡಿಸೆಂಬರ್‌ವರೆಗೆ ತಮ್ಮ ತಪ್ಪದೆ ಕೊಟ್ಟ. ಮುಂದಿನ ಮೂರು ತಿಂಗಳು ವ್ಯಾಪಾರ ಇಳಿದು ಬಡ್ಡಿ ನಿಂತಿತು. ಮಾರ್ಚ್ ಕೊನೆಗೆ ಅಕ್ಕನ ಕೈಸೇರಿದ್ದು 27,000, ಬರಬೇಕಿದ್ದದ್ದು 36,000. ತೆರಿಗೆ ಯಾವುದರ ಮೇಲೆ?

ಎರಡೂ ಸರಿ, ಆದರೆ ಒಂದನ್ನೇ ಹಿಡಿಯಬೇಕು. ಸಾಲ ಕೊಡುವುದೇ ಕಸುಬಲ್ಲದವರ ಇಂಥ ಬಡ್ಡಿ ‘ಇತರ ಮೂಲಗಳ ಆದಾಯ’ಕ್ಕೆ ಸೇರುತ್ತದೆ. ಅದನ್ನು ಹಣ ಕೈಸೇರಿದ ವರ್ಷದಲ್ಲಿ ತೋರಿಸಬಹುದು, ಇಲ್ಲವೇ ಸಲ್ಲಬೇಕಾದ ವರ್ಷದಲ್ಲೇ ತೋರಿಸಬಹುದು. ಸಂಬಳದಾರರಿಗೆ ಮೊದಲನೆಯದೇ ಹಿತ, ಬಾರದ ಬಡ್ಡಿಗೆ ಕೈಯಿಂದ ತೆರಿಗೆ ಕಟ್ಟುವ ಕಷ್ಟ ತಪ್ಪುತ್ತದೆ. ಈ ವರ್ಷ ಒಂದು, ಮುಂದಿನ ವರ್ಷ ಇನ್ನೊಂದು ಎಂದು ಅನುಕೂಲ ನೋಡಿ ಬದಲಾಯಿಸುವಂತಿಲ್ಲ. ಶಿಕ್ಷಕಿ ಶೇ 20ರ ಹಂತದಲ್ಲಿದ್ದರೆ 27,000ಕ್ಕೆ 5,400 ತೆರಿಗೆ, ಅದರ ಮೇಲೆ ಶೇ 4ರ ಸೆಸ್ 216.

ನಿಜವಾದ ಗೋಜಲು ಶುರುವಾಗುವುದು ಒಟ್ಟಿಗೆ ಹಣ ಬಂದಾಗ. ಹೊಸ ವರ್ಷದ ಏಪ್ರಿಲ್ ಮೊದಲ ದಿನ ತಮ್ಮ 1 ಲಕ್ಷ ಹಾಕಿದ. ಅದು ಅಸಲೋ, ಬಡ್ಡಿಯೋ? ಮೊದಲು ಬಾಕಿ ಬಡ್ಡಿ, ಉಳಿದದ್ದು ಅಸಲು ಎಂದು ಸಾಲಪತ್ರದಲ್ಲೇ ಬರೆದಿದ್ದರೆ ಲೆಕ್ಕ ಸುಲಭ: 9,000 ಬಡ್ಡಿ, 91,000 ಅಸಲು. ಉಳಿದ ಅಸಲು 2,09,000, ಅಲ್ಲಿಂದ ತಿಂಗಳ ಬಡ್ಡಿ 2,090. ಹೊಸ ವರ್ಷದ ಆದಾಯಕ್ಕೆ ಸೇರುವುದು ಆ 9,000 ಮಾತ್ರ, ಅಸಲು ಆದಾಯವೇ ಅಲ್ಲ. ದಿನಾಂಕ, ಬಂದ ಹಣ, ಬಡ್ಡಿ, ಅಸಲು, ಬಾಕಿ ಎಂದು ಐದು ಕಾಲಮ್ಮಿನ ಒಂದು ನೋಟ್‌ಬುಕ್ ಇಟ್ಟು, ವರ್ಷಕ್ಕೊಮ್ಮೆ ಇಬ್ಬರೂ ಸಹಿ ಹಾಕಿದರೆ ಸಾಕು.

ಹಣ ಬ್ಯಾಂಕಿನ ಮೂಲಕವೇ ಓಡಾಡಬೇಕು. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವನ ಮೇಲೆ. ಅಕ್ಕ ಪ್ರೀತಿಯಿಂದ ಕೊಟ್ಟ ನೋಟಿನ ಕಂತೆ ತಮ್ಮನಿಗೇ ಮುಳುವಾಗುವುದು ಹೀಗೆ.

ರಿಟರ್ನ್‌ನಲ್ಲಿ ಇದನ್ನು ಉಳಿತಾಯ ಖಾತೆಯ ಬಡ್ಡಿಯ ಜೊತೆ ಬೆರೆಸಬಾರದು. ಆ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ಸಿಗುವ ವಿನಾಯಿತಿ ಕೈಸಾಲದ ಬಡ್ಡಿಗಿಲ್ಲ. ಇತರ ಮೂಲಗಳ ಭಾಗದಲ್ಲಿ ಬೇರೆಯಾಗಿಯೇ ನಮೂದಿಸಬೇಕು. ಶಿಕ್ಷಕಿ ಈ ಹಣವನ್ನು ಬ್ಯಾಂಕಿನಿಂದ ಸಾಲ ತಂದು ಕೊಟ್ಟಿದ್ದರೆ, ತಾವು ಕಟ್ಟಿದ ಬಡ್ಡಿಯನ್ನು ಅಲ್ಲೇ ಕಳೆಯಬಹುದು. ಆ ಸಾಲದ ಹಣವೇ ತಮ್ಮನಿಗೆ ಹೋಯಿತು ಎಂಬುದು ಪಾಸ್‌ಬುಕ್‌ನಲ್ಲಿ ಕಾಣಬೇಕು.

ತಮ್ಮ ಅಂಗಡಿ ಮುಚ್ಚಿ ಅಸಲೇ ಮುಳುಗಿದರೆ? ಕಸುಬಿಗೆ ಸಾಲ ಕೊಡುವವರಂತೆ ಆ ನಷ್ಟವನ್ನು ಆದಾಯದಿಂದ ಕಳೆಯುವ ದಾರಿ ಶಿಕ್ಷಕಿಗೆ ಇಲ್ಲ.